ಸಿ ಚಾನಲ್ ತಿರುಚದ ಹಾಗೆ ಭಾರ ಹಾಕುವುದು ಹೇಗೆ?

ಗಂಗಾವತಿ, ಸಿಂಧನೂರು ಕಡೆಯ ಯಾವುದೇ ರೈಸ್ ಮಿಲ್ಲಿಗೆ ಹೋಗಿ ನೋಡಿ, ಕಾಲಮ್‌ನಿಂದ ಹೊರಗೆ ಚಾಚಿದ ಸಿ ಚಾನಲ್ ಬ್ರಾಕೆಟ್ ಎಲ್ಲಾದರೂ ಕಂಡೇ ಕಾಣುತ್ತದೆ. ಅದರ ತುದಿಗೆ ಅಕ್ಕಿ ಇಳಿಯುವ ಪೈಪೋ, ಚೂಟೋ, ಮೋಟರೋ ತೂಗುತ್ತಿರುತ್ತದೆ. ಕೆಲವು ಬ್ರಾಕೆಟ್‌ಗಳಲ್ಲಿ ಫ್ಲೇಂಜ್‌ನ, ಅಂದರೆ ಸಿ ಆಕಾರದ ಮೇಲಿನ ಕೆಳಗಿನ ಅಡ್ಡ ತೋಳಿನ, ತುದಿ ಒಂದು ಕಡೆ ವಾಲಿರುತ್ತದೆ. ಚಾನಲ್ ಸಣ್ಣದಾಯ್ತು, ದೊಡ್ಡದು ಹಾಕಬೇಕಿತ್ತು ಅಂತ ನೋಡಿದವರು ಹೇಳುತ್ತಾರೆ. ಎಷ್ಟೋ ಸಲ ಚಾನಲ್ ಸರಿಯಾಗಿಯೇ ಇರುತ್ತದೆ, ಭಾರ ನೇತುಹಾಕಿದ ಜಾಗ ತಪ್ಪಿರುತ್ತದೆ.

ಭಾರ ಹಾಕಿದರೆ ಚಾನಲ್ ಬರೀ ಬಾಗಬೇಕು, ತಿರುಚಬಾರದು. ಹಾಗಾಗುವುದು ಭಾರದ ಗೆರೆ ಒಂದೇ ಒಂದು ಬಿಂದುವಿನ ಮೂಲಕ ಹಾದಾಗ. ಅದೇ ಶಿಯರ್ ಸೆಂಟರ್. ಸ್ವಿಟ್ಜರ್ಲೆಂಡಿನ ಸೇತುವೆ ಎಂಜಿನಿಯರ್ ರಾಬರ್ಟ್ ಮೈಯಾರ್ 1921ರಲ್ಲಿ ಇದನ್ನು ಬಿಡಿಸಿ ವಿವರಿಸಿದರು. ಚಾನಲ್‌ನಲ್ಲಿ ಈ ಬಿಂದು ಕಬ್ಬಿಣದ ಒಳಗೆ ಇರುವುದೇ ಇಲ್ಲ. ಎರಡು ಫ್ಲೇಂಜ್ ಸೇರಿಸುವ ನೆಟ್ಟನೆಯ ಗೋಡೆಯೇ ವೆಬ್, ಅದರ ಬೆನ್ನ ಹಿಂದೆ, ಖಾಲಿ ಜಾಗದಲ್ಲಿ ಇರುತ್ತದೆ. ಅದಕ್ಕೇ ಕಣ್ಣಂದಾಜಿಗೆ ಸಿಗುವುದಿಲ್ಲ, ಲೆಕ್ಕ ಹಾಕಿಯೇ ಹುಡುಕಬೇಕು.

ಒಂದು ಐಎಸ್‌ಎಂಸಿ 150 ಚಾನಲ್ ತಗೊಳ್ಳೋಣ. ಕಾಲಮ್‌ನಿಂದ 1 ಮೀಟರ್ ಹೊರಗೆ ಚಾಚಿದೆ, ತುದಿಯಲ್ಲಿ 5 ಕಿಲೋನ್ಯೂಟನ್ ಭಾರ, ಅಂದರೆ ಸುಮಾರು ಅರ್ಧ ಟನ್.

ಮೊದಲು ಅಳತೆ

ಚಾನಲ್‌ನ ಎತ್ತರ 150 ಮಿ.ಮೀ., ಫ್ಲೇಂಜ್ ಅಗಲ 75, ಫ್ಲೇಂಜ್ ದಪ್ಪ 9, ವೆಬ್ ದಪ್ಪ 5.4. ನಿಮ್ಮ ಹತ್ತಿರ ಇರುವ ಚಾನಲ್‌ನಲ್ಲಿ ದಪ್ಪ ಸ್ವಲ್ಪ ಹೆಚ್ಚುಕಡಿಮೆ ಇರಬಹುದು, ವರ್ನಿಯರ್ ಹಾಕಿ ನೋಡುವುದೇ ಒಳ್ಳೇದು. ಈ ಚಾನಲ್‌ನ ಫ್ಲೇಂಜ್ ಇಳಿಜಾರಾಗಿರುತ್ತದೆ, ವೆಬ್ ಹತ್ತಿರ ದಪ್ಪ, ತುದಿಯಲ್ಲಿ ತೆಳು. ಹಾಗಾಗಿ ಅಗಲದ ನಡುವೆ ಅಳೆಯಿರಿ.

ಲೆಕ್ಕಕ್ಕೆ ಬೇಕಾಗಿರುವುದು ಹೊರ ಅಳತೆ ಅಲ್ಲ, ತಗಡಿನ ದಪ್ಪದ ನಡುಗೆರೆಯಿಂದ ನಡುಗೆರೆಗೆ ಇರುವ ಅಳತೆ. ಎತ್ತರದಲ್ಲಿ ಒಂದು ಫ್ಲೇಂಜ್ ದಪ್ಪ ಕಳೆಯಿರಿ, ಅಗಲದಲ್ಲಿ ಅರ್ಧ ವೆಬ್ ದಪ್ಪ ಕಳೆಯಿರಿ. ಕೆಳಗೆ h ಎತ್ತರ, b ಅಗಲ, tf ಫ್ಲೇಂಜ್ ದಪ್ಪ, tw ವೆಬ್ ದಪ್ಪ. I ಅಂದರೆ ಬಾಗದ ಹಾಗೆ ಚಾನಲ್‌ನ ಆಕಾರ ಕೊಡುವ ತಡೆಯ ಅಳತೆ.

```
h = 150 - 9 = 141 mm
b = 75 - 2.7 = 72.3 mm
I = tw·h³/12 + 2·b·tf·(h/2)² ≈ 773 cm⁴
```

ಸ್ಟೀಲ್ ಟೇಬಲ್‌ನಲ್ಲಿ I ಸುಮಾರು 779 ಅಂತ ಇದೆ. ನಮ್ಮದು ಅದರ ಹತ್ತಿರವೇ ಬಂತು ಅಂದರೆ ಅಳತೆ ಸರಿಯಾಗಿದೆ. ದೂರ ಹೋಗಿದ್ದರೆ ಇಲ್ಲೇ ನಿಂತು ಮತ್ತೆ ನೋಡಿ, ಮುಂದೆ ಹೋಗಬೇಡಿ.

ಫ್ಲೇಂಜ್‌ನಲ್ಲಿ ಎಷ್ಟು ಬಲ?

ಇಡೀ ವಿಷಯದ ಗುಟ್ಟು ಇರುವುದು ಇಲ್ಲೇ, ನಿಧಾನವಾಗಿ ನೋಡೋಣ. ಕೆಳಮುಖದ ಭಾರವನ್ನು ಹೊರುವುದು ವೆಬ್. ಆದರೆ ಅದೇ ಹೊತ್ತಿಗೆ ಎರಡು ಫ್ಲೇಂಜ್‌ಗಳಲ್ಲೂ ಅಡ್ಡಡ್ಡ ಶಿಯರ್, ಅಂದರೆ ಜಾರಿಸುವ ಬಲ, ಹರಿಯುತ್ತಿರುತ್ತದೆ. ಫ್ಲೇಂಜ್‌ನ ತುದಿಯಲ್ಲಿ ಅದು ಸೊನ್ನೆ. ವೆಬ್ ಕಡೆಗೆ ಬರ್ತಾ ಬರ್ತಾ ಸಮನಾಗಿ ಏರುತ್ತದೆ, ವೆಬ್ ಸೇರುವ ಮೂಲೆಯಲ್ಲಿ ಅತಿ ಹೆಚ್ಚು. ನಮ್ಮ ಭಾರಕ್ಕೆ, ಅಂದರೆ V = 5000 ನ್ಯೂಟನ್‌ಗೆ, ಆ ಮೂಲೆಯಲ್ಲಿ ಪ್ರತಿ ಮಿ.ಮೀ.ಗೆ ಸುಮಾರು 29.7 ನ್ಯೂಟನ್ ಬರುತ್ತದೆ. ಸೊನ್ನೆಯಿಂದ ಅಲ್ಲಿಯ ತನಕ ನೇರ ಗೆರೆಯಲ್ಲಿ ಏರಿದ್ದರಿಂದ ಅದರ ಅರ್ಧವನ್ನು ಅಗಲಕ್ಕೆ ಗುಣಿಸಿದರೆ ಫ್ಲೇಂಜ್‌ನ ಒಟ್ಟು ಬಲ ಸಿಗುತ್ತದೆ.

```
q = V·tf·b·(h/2)/I ≈ 29.7 N/mm
F = q·b/2 ≈ 1073 N
```

ಮೇಲಿನ ಫ್ಲೇಂಜ್‌ನಲ್ಲಿ ಈ ಬಲ ಒಂದು ದಿಕ್ಕಿಗೆ, ಕೆಳಗಿನದರಲ್ಲಿ ಅದರ ಎದುರು ದಿಕ್ಕಿಗೆ. ಎರಡರ ನಡುವೆ 141 ಮಿ.ಮೀ. ಅಂತರ. ಅಡ್ಡಕ್ಕೆ ಕೂಡಿಸಿದರೆ ಬಲ ಸೊನ್ನೆ ಆಗಿಬಿಡುತ್ತದೆ, ಆದರೆ ತಿರುಗಿಸುವ ಜೋಡಿ ಉಳಿದೇ ಉಳಿಯುತ್ತದೆ. ಭಾರವನ್ನು ಸರಿಯಾಗಿ ವೆಬ್ ಮೇಲೇ ಹಾಕಿದರೂ ಚಾನಲ್ ಯಾಕೆ ತಿರುಚುತ್ತದೆ ಅನ್ನುವುದಕ್ಕೆ ಇದೇ ಉತ್ತರ.

ಭಾರವನ್ನು ಎಲ್ಲಿಗೆ ಸರಿಸಬೇಕು?

ಆ ಜೋಡಿಗೆ ಸಮನಾದ ತಿರುಗಿಸುವಿಕೆ ಭಾರದಿಂದಲೇ ಸಿಗಬೇಕು. ಭಾರವನ್ನು ವೆಬ್‌ನ ನಡುಗೆರೆಯಿಂದ e ದೂರ ಬೆನ್ನಿನ ಕಡೆ ಸರಿಸಿದರೆ V·e = F·h ಆಗುತ್ತದೆ. 1073 ನ್ಯೂಟನ್ ಗುಣಿಲೆ 141, ಭಾಗಿಲೆ 5000: ಸುಮಾರು 30 ಮಿ.ಮೀ. ಇದರಲ್ಲಿ ವೆಬ್‌ನ ಅರ್ಧ ದಪ್ಪ ಕಳೆದರೆ ಬೆನ್ನಿನ ಮೇಲ್ಮೈಯಿಂದ 27.5 ಮಿ.ಮೀ. ಹೊರಗೆ.

V ಎರಡೂ ಕಡೆ ಹೊಡೆದುಹೋಗುವುದರಿಂದ ನೇರ ಸೂತ್ರವೇ ಸಿಗುತ್ತದೆ:

```
e = 3·b²·tf / (h·tw + 6·b·tf)
```

ಇದರಲ್ಲಿ ಭಾರವೂ ಇಲ್ಲ, ಉದ್ದವೂ ಇಲ್ಲ. ಭಾರ ಇನ್ನೂರು ಕೆ.ಜಿ. ಇರಲಿ, ಅರ್ಧ ಟನ್ ಇರಲಿ, ಬಿಂದು ಅಲ್ಲೇ ಇರುತ್ತದೆ. ತಗಡು ಬಗ್ಗಿಸಿ ಮಾಡಿದ, ಎಲ್ಲ ಕಡೆ ಒಂದೇ ದಪ್ಪದ ಚಾನಲ್ ಆದರೆ ದಪ್ಪವೂ ಬೇಡ, 3b²/(h+6b) ಸಾಕು. ಆದರೆ ಪರ್ಲಿನ್‌ಗೆ ಹಾಕುವ ತುಟಿ ಮಡಚಿದ ಚಾನಲ್‌ಗೆ ಈ ಸೂತ್ರ ನಡೆಯುವುದಿಲ್ಲ, ಅದರಲ್ಲಿ ಬಿಂದು ಇನ್ನೂ ಹಿಂದಕ್ಕೆ ಹೋಗುತ್ತದೆ. ಮುಚ್ಚಿದ ಬಾಕ್ಸ್‌ಗಂತೂ ಲೆಕ್ಕವೇ ಬೇರೆ.

ಜಾಸ್ತಿ ಜನ ಎಡವುವ ಜಾಗ

ಟೇಬಲ್‌ನಲ್ಲಿ ಸೆಂಟ್ರಾಯ್ಡ್ ಕೊಟ್ಟಿರುತ್ತಾರೆ, ಈ ಚಾನಲ್‌ಗೆ ಬೆನ್ನಿನಿಂದ 22.2 ಮಿ.ಮೀ. ಅದು ಇರುವುದು ಬಾಯಿ ತೆರೆದ ಕಡೆ. ತೂಕದ ನಡುವೆ ಭಾರ ಹಾಕಿದರೆ ಸಮ ಆಗುತ್ತೆ ಅಂತ ಅಲ್ಲಿ ನೇತುಹಾಕುತ್ತಾರೆ. ಆದರೆ ಶಿಯರ್ ಸೆಂಟರ್ ವೆಬ್‌ನ ಆಚೆ ಕಡೆ ಇದೆ, ಎರಡರ ನಡುವೆ ಸುಮಾರು 50 ಮಿ.ಮೀ. ಅಂತರ. ವೆಬ್ ಮೇಲೆ ಹಾಕಿದ್ದರೆ ತಿರುಚುವ ಬಲ 151 ನ್ಯೂಟನ್ ಮೀಟರ್ ಇರುತ್ತಿತ್ತು, ಸೆಂಟ್ರಾಯ್ಡ್‌ಗೆ ತಂದರೆ 249 ಆಗುತ್ತದೆ. ಸರಿ ಮಾಡಲು ಹೋಗಿ ಕೆಟ್ಟಿತು, ಅಲ್ವಾ?

151 ಅಂದರೆ ಎಷ್ಟು ಅಂತ ಅಂದಾಜು ಬೇಕಿದ್ದರೆ ಹೀಗೆ ನೋಡಿ. ಕಾಲಮ್‌ಗೆ ಗಟ್ಟಿಯಾಗಿ ಕೂತ ಈ ಬ್ರಾಕೆಟ್ ತುದಿಯಲ್ಲಿ 1 ಮಿ.ಮೀ.ನಷ್ಟು ಬಾಗುತ್ತದೆ. ಆದರೆ ಭಾರ ವೆಬ್ ಮೇಲಿದ್ದರೆ ಅದೇ ತುದಿ ಸುಮಾರು 1.4 ಡಿಗ್ರಿ ತಿರುಚಿಕೊಂಡು, ಫ್ಲೇಂಜ್‌ನ ಅಂಚು ವೆಬ್‌ಗಿಂತ ಹತ್ತಿರಹತ್ತಿರ 2 ಮಿ.ಮೀ. ಕೆಳಗೆ ಇಳಿಯುತ್ತದೆ. ಬಾಗಿದ್ದಕ್ಕಿಂತ ತಿರುಚಿದ್ದೇ ಜಾಸ್ತಿ. ಕಾಲಮ್ ಹತ್ತಿರದ ಬೆಸುಗೆ ಸಡಿಲ ಇದ್ದರೆ ಇನ್ನೂ ಹೆಚ್ಚು.

ಕಬ್ಬಿಣದಲ್ಲಿ ಮಾಡುವುದು

ಬ್ರಾಕೆಟ್ ತುದಿಯಲ್ಲಿ ಬೆನ್ನಿಗೆ 10 ಮಿ.ಮೀ. ಪ್ಲೇಟಿನ ತುಂಡನ್ನು ನೆಟ್ಟಗೆ ನಿಲ್ಲಿಸಿ ವೆಲ್ಡ್ ಮಾಡಿ, ಬೆನ್ನಿನಿಂದ 60 ಮಿ.ಮೀ. ಹೊರಗೆ ಬರಲಿ. ಬೆನ್ನಿನ ಮೇಲ್ಮೈಯಿಂದ 27.5ಕ್ಕೆ ತೂತಿನ ನಡು ಬರಬೇಕು. ಪ್ಲೇಟ್ ಇರುವ ಜಾಗದಲ್ಲೇ ಚಾನಲ್ ಒಳಗೆ ಒಂದು ಸ್ಟಿಫ್ನರ್, ಅಂದರೆ ಬಿಗಿ ಕೊಡುವ ಪ್ಲೇಟ್ ತುಂಡು, ಹಾಕಿ, ಎರಡೂ ಫ್ಲೇಂಜ್‌ಗೂ ವೆಬ್‌ಗೂ ತಾಗುವ ಹಾಗೆ. ಇದನ್ನು ಬಿಟ್ಟರೆ 5.4 ಮಿ.ಮೀ. ವೆಬ್ ಅಲ್ಲಲ್ಲೇ ಬಾಗಿ ಪ್ಲೇಟ್ ಜೋತುಬೀಳುತ್ತದೆ, ಹಾಕಿದ ಲೆಕ್ಕ ಸುಮ್ನೆ ಹಾಳು.

ಪ್ಲೇಟ್ ಹಾಕಲು ಜಾಗ ಇಲ್ಲದಿದ್ದರೆ ಎರಡು ಚಾನಲ್ ಬೆನ್ನಿಗೆ ಬೆನ್ನು ಜೋಡಿಸಿ. ಆಗ ಬಿಂದು ಸರಿಯಾಗಿ ನಡುವೆ ಬರುತ್ತದೆ, ಕಬ್ಬಿಣ ಮಾತ್ರ ದುಪ್ಪಟ್ಟು.

ಕೊನೆಗೆ ಪರೀಕ್ಷೆ. ಭಾರ ಹಾಕುವ ಮುಂಚೆ ತುದಿಯ ಮೇಲಿನ ಫ್ಲೇಂಜ್ ಮೇಲೆ ಸ್ಪಿರಿಟ್ ಲೆವೆಲ್ ಅಡ್ಡಕ್ಕೆ ಇಟ್ಟು ಗುಳ್ಳೆ ಎಲ್ಲಿದೆ ಗುರುತು ಮಾಡಿಕೊಳ್ಳಿ. ಭಾರ ಹಾಕಿದ ಮೇಲೆ ಮತ್ತೆ ನೋಡಿ. ಫ್ಲೇಂಜ್‌ನ ಅಂಚು ಇಳಿದಿದ್ದರೆ ಭಾರ ಇನ್ನೂ ಹಿಂದಕ್ಕೆ ಹೋಗಬೇಕು, ಅಂಚು ಎದ್ದಿದ್ದರೆ ಜಾಸ್ತಿ ಹಿಂದೆ ಹೋಗಿದೆ. ತೂತನ್ನು ಉದ್ದುದ್ದ ಸೀಳಿನ ಹಾಗೆ ಮಾಡಿದ್ದರೆ ಅಲ್ಲೇ ಎರಡು ಮೂರು ಮಿ.ಮೀ. ಸರಿಸಿ, ಗುಳ್ಳೆ ಗುರುತಿಗೆ ಬಂದ ಮೇಲೆ ಬೋಲ್ಟ್ ಬಿಗಿ ಮಾಡಿ.