ಚಂಡಿ ಹೊಯಿಗೆಗೆ ಕಾಲು ಪಾಲು ಹೆಚ್ಚು: ನನ್ನ ಅನುಭವ

"ಚಂಡಿಯಾದರೆ ಹೊಯಿಗೆಯ ಭಾರ ಹೆಚ್ಚೀತು, ಅಳತೆ ಹೇಗೆ ಹೆಚ್ಚುತ್ತದೆ ಮಾರಾಯ್ರೆ?" ಎಂದು ಕುಂಬಳೆ ಕಡೆಯ ಮೇಸ್ತ್ರಿಗಳು ನಕ್ಕದ್ದು ನೆನಪಿದೆ. ಈಗ ಅವರೇ ಸ್ಲ್ಯಾಬಿನ ಹಿಂದಿನ ದಿನ ಫೋನು ಮಾಡುತ್ತಾರೆ.

ಮೊದಲು ಕೈ ಸುಟ್ಟ ಲೆಕ್ಕ. 1000 ಚದರ ಅಡಿ ಸ್ಲ್ಯಾಬು, ದಪ್ಪ ನಾಲ್ಕೂಮುಕ್ಕಾಲು ಇಂಚು, ಪಾಕ ಸಿಮೆಂಟು ಒಂದಕ್ಕೆ ಹೊಯಿಗೆ ಒಂದೂವರೆ, ಜಲ್ಲಿ ಮೂರು. ಸಿಮೆಂಟು ಸುಮಾರು 90 ಮೂಟೆ, ಹೊಯಿಗೆ 170 ಘನ ಅಡಿಯ ಹತ್ತಿರ. ಅಷ್ಟೇ ತರಿಸಿದ್ದು. ಮೂಟೆ ಮುಗಿಯಿತು, ಹೊಯಿಗೆ ಮುಗಿಯಿತು, ಮೂಲೆಯಲ್ಲಿ ಐವತ್ತು ಚದರ ಅಡಿ ಹಾಗೇ ಉಳಿಯಿತು. ಹಲಗೆ ಬಿಚ್ಚಿದಾಗ ಬೀಮಿನ ಅಡಿಯಲ್ಲಿ ಜಲ್ಲಿ ಹಲ್ಲು ಕಿರಿಯುತ್ತಿತ್ತು. ತುರ್ತಿಗೆ ತಂದ ನಾಲ್ಕೈದು ಮೂಟೆಗೇ ಎರಡು ಸಾವಿರದಷ್ಟು ಹೋಯಿತು. ತೇಪೆಯ ಕೂಲಿ ಬೇರೆ.

ಆ 170 ಅಡಿ ಒಣ ಹೊಯಿಗೆಯ ಲೆಕ್ಕ. ನೂರಕ್ಕೆ ಐದಾರರಷ್ಟು ಪಸೆಯಿದ್ದರೆ ಕಣಗಳ ಸುತ್ತ ನೀರಿನ ಪೊರೆ ಕಟ್ಟಿ ಅವನ್ನು ಸಡಿಲವಾಗಿ ನಿಲ್ಲಿಸುತ್ತದೆ. ಒಂದು ಮೂಟೆ ಸಿಮೆಂಟು ಹಿಡಿಯುವ ಅಳತೆಯ ಪೆಟ್ಟಿಗೆ ತುಂಬಿದಂತೆ ಕಂಡರೂ ಒಂದೂವರೆ ಪೆಟ್ಟಿಗೆಯಲ್ಲಿ ನಿಜವಾಗಿ ಇರುವುದು ಒಂದೂಕಾಲಕ್ಕಿಂತಲೂ ಕಡಿಮೆ.

ಪರೀಕ್ಷೆಗೆ ನೇರ ಗೋಡೆಯ ಪಾತ್ರೆ ಸಾಕು. ರಾಶಿಯ ಮೇಲ್ಪದರ ಒಣಗಿರುತ್ತದೆ, ತಳದಲ್ಲಿ ನೀರಿಳಿದಿರುತ್ತದೆ. ಹಾಗಾಗಿ ನಡುವಿನಿಂದ ತೆಗೆಯಬೇಕು. ಕುಟ್ಟದೆ 20 ಸೆಂಟಿಮೀಟರ್ ತುಂಬಿ, ಸಮ ಮಾಡಿ, ಬೇರೆ ಕಡೆ ಸುರಿಯಿರಿ. ಪಾತ್ರೆಗೆ ಅರ್ಧ ನೀರು ಹಾಕಿ ಅದೇ ಹೊಯಿಗೆಯನ್ನು ಮತ್ತೆ ಹಾಕಿ, ಸರಳಿನಿಂದ ಕಲಕಿ, ಕೂರಲು ಬಿಡಿ. ನನಗೆ 16ಕ್ಕೆ ಇಳಿಯಿತು. ಇಳಿದದ್ದು 4, ಅದನ್ನು 20ರಿಂದಲ್ಲ, 16ರಿಂದ ಭಾಗಿಸಬೇಕು. ಉಬ್ಬು ನೂರಕ್ಕೆ 25. ನಾನೇ ಮೊದಲು 20ರಿಂದ ಭಾಗಿಸಿ ಎಂಟು ಅಡಿ ಕಡಿಮೆ ತರಿಸಿದ್ದೆ.

ಹಾಗಾಗಿ ಮುಂದಿನ ಅಷ್ಟೇ ದೊಡ್ಡ ಸ್ಲ್ಯಾಬಿಗೆ 210 ಅಡಿ ತರಿಸಿದೆ. ಮೂಟೆಗೆ ಒಂದೂವರೆಯ ಬದಲು ಎರಡಕ್ಕೆ ಸ್ವಲ್ಪ ಕಡಿಮೆ ಪೆಟ್ಟಿಗೆ; ಅದಕ್ಕೆ ಪೆಟ್ಟಿಗೆಯೊಳಗೆ ಗೆರೆ ಎಳೆದಿದ್ದೇನೆ. ಹೊಯಿಗೆಯಲ್ಲೇ ಮೂಟೆಗೆ ನಾಲ್ಕು ಲೀಟರ್ ನೀರು ಬರುವುದರಿಂದ ಮೇಲಿನ ನೀರನ್ನು ಅಷ್ಟು ಇಳಿಸಿದೆ. 90 ಮೂಟೆಗೆ ಸರಿಯಾಗಿ ಮುಗಿಯಿತು, ಬೀಮೂ ನಯವಾಗಿ ಬಂತು.

ಒಮ್ಮೆ ರಾತ್ರಿಯಿಡೀ ಮಳೆ ಹೊಯ್ದು ರಾಶಿ ಪೂರ್ತಿ ನೆನೆದಿತ್ತು. ಹಿಂದಿನ ದಿನದ 25ನ್ನೇ ಹಿಡಿದದ್ದಕ್ಕೆ ಪಾಕದಲ್ಲಿ ಹೊಯಿಗೆ ಹೆಚ್ಚಾಯಿತು. ನೀರು ಪೂರ್ತಿ ತುಂಬಿದರೆ ಪೊರೆಯ ಹಿಡಿತ ಹೋಗಿ ಅಳತೆ ಒಣದ್ದರ ಮಟ್ಟಕ್ಕೆ ಇಳಿಯುತ್ತದೆ. ಈಗ ಬೆಳಿಗ್ಗೆ ಪಾಕ ಶುರುವಾಗುವ ಮೊದಲು ಒಮ್ಮೆ, ಮಧ್ಯಾಹ್ನದ ಗಂಜಿ ಆದ ಮೇಲೆ ಇನ್ನೊಮ್ಮೆ ನೋಡುತ್ತೇನೆ.

ಸಾರಣೆಯ ನುಣುಪು ಹೊಯಿಗೆಯನ್ನೂ ಪರೀಕ್ಷಿಸಿದೆ. 35ರ ಹತ್ತಿರ ಉಬ್ಬಿತು. ಜಲ್ಲಿಗೆ ಈ ಕಾಟ ಇಲ್ಲ. ಹೊಯಿಗೆಯನ್ನು ತೂಕಕ್ಕೆ ಕೊಂಡರೆ ನಷ್ಟ ನೂರಕ್ಕೆ ಐದಾರು ಪಾಲು ನೀರಿನದು ಮಾತ್ರ. ಲಾರಿಯವನ ಹತ್ತಿರ ಈ ಕಾಲು ಪಾಲನ್ನು ದರದಲ್ಲಿ ಹೇಗೆ ಇಳಿಸುತ್ತೇನೆ ಎಂಬುದನ್ನು ಮಾತ್ರ ಇಲ್ಲಿ ಬರೆಯುವುದಿಲ್ಲ.