ಸಮಾಧಾನದ ಮಾತು ಬಿಟ್ಟು ಶನಿವಾರದ ಕಾಫಿ ಹಿಡಿದದ್ದು: ನನ್ನ ಅನುಭವ

2023ರ ಫೆಬ್ರುವರಿಯಲ್ಲಿ ಬೆಂಗಳೂರಿನ ನಮ್ಮ ಕಚೇರಿಯಲ್ಲಿ ಹನ್ನೊಂದು ಜನರ ತಂಡದಿಂದ ನಾಲ್ವರನ್ನು ಒಂದೇ ಬೆಳಿಗ್ಗೆ ಕೆಲಸದಿಂದ ತೆಗೆದರು. ಪಕ್ಕದ ಮೇಜಿನ ಸಹೋದ್ಯೋಗಿಯೊಬ್ಬರು ಹೋದರು, ನಾನು ಉಳಿದೆ. ಅವರೊಂದಿಗೆ ಮುಂದಿನ ಏಳು ತಿಂಗಳು ನಾನು ಹೇಗೆ ನಡೆದುಕೊಂಡೆ ಎಂಬುದನ್ನು ಬರೆಯುತ್ತಿದ್ದೇನೆ. ‘ಉಳಿದವನು ಹೋಗಿ ಸಮಾಧಾನ ಹೇಳಿದರೆ ಗಾಯಕ್ಕೆ ಉಪ್ಪು ಸವರಿದಂತೆ, ದೂರವಿರುವುದೇ ಮರ್ಯಾದೆ’ ಎಂದು ಮನೆಯಲ್ಲೂ ಕಚೇರಿಯಲ್ಲೂ ಹೇಳಿದವರೇ ಹೆಚ್ಚು. ಅವರ ಮಾತು ಪೂರ್ತಿ ಸುಳ್ಳಲ್ಲ, ಏಕೆಂದರೆ 2020ರಲ್ಲಿ ಇನ್ನೊಬ್ಬ ಸ್ನೇಹಿತನ ವಿಷಯದಲ್ಲಿ ನಾನು ಉಪ್ಪನ್ನೇ ಸವರಿದ್ದೆ.

ಆಗ ಮಾಡಿದ ತಪ್ಪುಗಳು ಒಂದೆರಡಲ್ಲ. ಅಂದೇ ಸಂಜೆ ಫೋನ್ ಮಾಡಿ ‘ಆಗುವುದೆಲ್ಲ ಒಳ್ಳೆಯದಕ್ಕೇ’ ಎಂದೆ. ದಿನಕ್ಕೆ ಎಂಟು ಹತ್ತು ಉದ್ಯೋಗ ಜಾಹೀರಾತುಗಳನ್ನು ಕಳುಹಿಸಿದೆ, ಅವುಗಳಲ್ಲಿ ಅರ್ಧ ಆತನ ಅನುಭವಕ್ಕೆ ಸಂಬಂಧವೇ ಇಲ್ಲದವು. ತಂಡದವರಿಂದ ಸುಮಾರು ನಲವತ್ತು ಸಾವಿರ ರೂಪಾಯಿ ಒಟ್ಟುಮಾಡಿ ಲಕೋಟೆಯಲ್ಲಿ ಕೊಟ್ಟೆ. ಆತ ಅದನ್ನು ಮರುದಿನವೇ ಹಿಂದಿರುಗಿಸಿದ, ಕೊಟ್ಟವರ ಪಟ್ಟಿ ಒಳಗಿದ್ದುದು ಇನ್ನೂ ದೊಡ್ಡ ಅವಮಾನವಾಗಿತ್ತು. ಎಲ್ಲಕ್ಕಿಂತ ಕೆಟ್ಟದ್ದು, ‘ನನ್ನ ಸರದಿ ಯಾವಾಗಲೋ ಗೊತ್ತಿಲ್ಲ, ರಾತ್ರಿ ನಿದ್ದೆ ಬರುವುದಿಲ್ಲ’ ಎಂದು ನಾನು ತೋಡಿಕೊಂಡಾಗ ಕೆಲಸ ಕಳೆದುಕೊಂಡ ಆತನೇ ಅರ್ಧ ಗಂಟೆ ನನಗೆ ಧೈರ್ಯ ಹೇಳಬೇಕಾಯಿತು. ಎರಡು ವಾರ ಕಳೆದ ಮೇಲೆ ಆತ ಬರೆದಿದ್ದ ಒಂದು ಸ್ಕ್ರಿಪ್ಟ್ ಕೆಟ್ಟು ನಿಂತಿತೆಂದು ಅದನ್ನೂ ಆತನಿಗೇ ಫೋನ್ ಮಾಡಿ ಕೇಳಿದೆ. ಉತ್ತರ ಹೇಳಿದ, ಆಮೇಲೆ ನನ್ನ ಕರೆ ಸ್ವೀಕರಿಸುವುದನ್ನೇ ಬಿಟ್ಟ.

ಆದ್ದರಿಂದ 2023ರಲ್ಲಿ ಫೋನ್ ಮಾಡಲಿಲ್ಲ. ಮರುದಿನ ಒಂದೇ ಸಂದೇಶ ಕಳುಹಿಸಿದೆ: ‘ಇದಕ್ಕೆ ಉತ್ತರ ಬೇಡ. ಪ್ರತಿ ಶನಿವಾರ ಬೆಳಿಗ್ಗೆ ಏಳೂವರೆಗೆ ನಮ್ಮ ಎಂದಿನ ದರ್ಶಿನಿಯಲ್ಲಿ ಇರುತ್ತೇನೆ, ಮನಸ್ಸಾದಾಗ ಬನ್ನಿ.’ ಎರಡು ಶನಿವಾರ ಅವರು ಬರಲಿಲ್ಲ. ನಾನು ಒಬ್ಬನೇ ಕಾಫಿ ಕುಡಿದು ಬಂದೆ, ‘ಕಾಯುತ್ತಿದ್ದೆ’ ಎಂದು ಬರೆದು ನೆನಪಿಸಲೂ ಇಲ್ಲ. ಮೂರನೆಯ ಶನಿವಾರ ಬಂದು ‘ಇನ್ನೂ ಬರ್ತಾ ಇದ್ದೀರಾ ಮಾರಾಯ್ರೆ?’ ಎಂದರು. ಈ ವಿಧಾನದಲ್ಲಿ ಕಷ್ಟದ ಭಾಗವೆಂದರೆ ಒಬ್ಬನೇ ಕುಡಿದ ಆ ಎರಡು ಕಾಫಿಗಳು.

ಬಂದ ಮೇಲೆ ಕೆಲವು ಕಟ್ಟುಪಾಡುಗಳನ್ನು ನನಗೆ ನಾನೇ ಹಾಕಿಕೊಂಡೆ. ‘ಏನಾದರೂ ಆಯಿತೇ?’ ಎಂದು ಎಂದೂ ಕೇಳಲಿಲ್ಲ, ಆಗಿದ್ದರೆ ಅವರೇ ಹೇಳುತ್ತಾರೆ. ಕಚೇರಿಯ ಸುದ್ದಿಯನ್ನು ಅವರು ಕೇಳಿದರೆ ಮಾತ್ರ ಹೇಳಿದೆ, ಹೇಳುವಾಗ ‘ನೀವು ಹೋದದ್ದೇ ಒಳ್ಳೆಯದಾಯಿತು, ಅಲ್ಲಿ ಈಗ ನರಕ’ ಎಂದು ನನ್ನ ಕೆಲಸವನ್ನು ಹಳಿಯಲಿಲ್ಲ. ಸಂಬಳ ಬರುವವನು ಸಂಬಳ ಕೊಡುವ ಜಾಗವನ್ನು ನರಕವೆಂದರೆ ಕೇಳುವವರಿಗೆ ಉರಿಯುತ್ತದೆ. ಒಂದು ದಿನ ಕಚೇರಿಯ ಗುರುತಿನ ಚೀಟಿಯ ನೀಲಿ ಪಟ್ಟಿ ನನ್ನ ಜೇಬಿನಿಂದ ಹೊರಗೆ ಇಳಿಬಿದ್ದಿತ್ತು. ಅವರು ಮಾತಾಡುತ್ತಲೇ ಅದನ್ನು ನೋಡುತ್ತಿದ್ದರು, ನೋಡುತ್ತಿರುವುದು ನನಗೆ ಗೊತ್ತಾಯಿತೆಂದು ತಿಳಿದಾಗ ಕಣ್ಣನ್ನು ಲೋಟಕ್ಕೆ ಇಳಿಸಿದರು. ಅಂದಿನಿಂದ ಚೀಟಿಯನ್ನೂ ಕಂಪನಿಯ ಹೆಸರಿದ್ದ ಬ್ಯಾಗನ್ನೂ ಮನೆಯಲ್ಲೇ ಬಿಟ್ಟು ಹೋಗುತ್ತಿದ್ದೆ. ಬಿಲ್ಲನ್ನು ಸರದಿಯ ಮೇಲೆ ಕೊಡುತ್ತಿದ್ದೆವು. ಅವರ ಸರದಿಯ ದಿನ ನಾನು ಪರ್ಸಿಗೆ ಕೈ ಹಾಕುತ್ತಿರಲಿಲ್ಲ. ಎರಡು ಕಾಫಿ, ಎರಡು ಪ್ಲೇಟ್ ಇಡ್ಲಿ ಸೇರಿ ನೂರೈವತ್ತರೊಳಗಿನ ಮಾತು, ಆದರೆ ಅದನ್ನು ಕಿತ್ತುಕೊಂಡರೆ ಅವರಿಗೆ ಕೂರಲು ಜಾಗವೇ ಉಳಿಯುತ್ತಿರಲಿಲ್ಲ.

ಆದರೂ ಸುಮ್ಮನೆ ಕೂತರೆ ಮಾತು ಅವರನ್ನು ಕೆಲಸದಿಂದ ತೆಗೆದ ಬೆಳಗಿನ ಹತ್ತು ನಿಮಿಷದ ಸಭೆಗೇ ಮರಳುತ್ತಿತ್ತು. ಹಾಗಾಗಿ ವಾರಕ್ಕೆ ಒಂದೇ ಕಾಗದವನ್ನು ಮೇಜಿನ ಮೇಲೆ ಇಡುವುದೆಂದು ಮಾಡಿಕೊಂಡೆವು. ಮೊದಲನೆಯದು ಆರೋಗ್ಯ ವಿಮೆ. ಅವರ ತಂದೆ ತಾಯಿ ಇಬ್ಬರಿಗೂ ಸಕ್ಕರೆ ಕಾಯಿಲೆ, ಇಬ್ಬರೂ ಕಂಪನಿಯ ಗುಂಪು ವಿಮೆಯಲ್ಲಿದ್ದರು, ವೇತನಪಟ್ಟಿಯಲ್ಲಿ ಅವರ ಕೊನೆಯ ದಿನವಾದ ಮಾರ್ಚ್ 31ಕ್ಕೆ ಅದು ಮುಗಿಯುತ್ತಿತ್ತು. ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ವರ್ಗವಾದರೆ, ಹಳೆಯ ಕಾಯಿಲೆಗಳಿಗೆ ವಿಮೆ ಸಿಗಲು ಕಾಯಬೇಕಾದ ಅವಧಿಯಲ್ಲಿ ಈಗಾಗಲೇ ಕಾದದ್ದು ಲೆಕ್ಕಕ್ಕೆ ಬರುತ್ತದೆ, ಆದರೆ ಗುಂಪು ವಿಮೆ ಜೀವಂತವಿರುವಾಗಲೇ ಅರ್ಜಿ ಹಾಕಬೇಕು. ಕಂತು ನೆನಪಿನಂತೆ ವರ್ಷಕ್ಕೆ ಐವತ್ತು ಸಾವಿರದ ಆಸುಪಾಸು, ನೋವಾಗುವ ಮೊತ್ತವೇ. ಅರ್ಜಿಗೆ ಸಹಿ ಹಾಕಿದ ಮೇಲೆ ಅವರು, ಮನೆಯಲ್ಲಿ ಅಪ್ಪನಿಗೆ ಇನ್ನೂ ವಿಷಯ ಹೇಳಿಲ್ಲವೆಂದೂ ದಿನವೂ ಒಂಬತ್ತಕ್ಕೆ ಬ್ಯಾಗು ಹಿಡಿದು ಹೊರಡುತ್ತಿರುವುದಾಗಿಯೂ ತಾವಾಗಿಯೇ ಹೇಳಿದರು. ಐದು ವಾರದಲ್ಲಿ ನನ್ನ ಒಂದು ಪ್ರಶ್ನೆಗೂ ಬಾರದಿದ್ದ ಮಾತು ಅದು.

ಎರಡನೆಯ ಕಾಗದ ಗ್ರಾಚ್ಯುಟಿ, ಅಂದರೆ ಐದು ವರ್ಷ ಸೇವೆ ಮಾಡಿದವರಿಗೆ ಕೆಲಸ ಬಿಡುವಾಗ ಕಂಪನಿ ಕೊಡಬೇಕಾದ ಹಣ. 2018ರ ಜೂನ್ ಮೊದಲ ವಾರದಲ್ಲಿ ಸೇರಿದವರು, ಮಾರ್ಚ್ ಕೊನೆಗೆ ನಾಲ್ಕು ವರ್ಷ ಹತ್ತು ತಿಂಗಳು ಆಗುತ್ತಿತ್ತು. ಐದು ತುಂಬಿಲ್ಲವೆಂದು ಎಚ್‌ಆರ್ ವಿಭಾಗ ಕೈ ಚೆಲ್ಲಿತ್ತು. ಆಗ ಜಾರಿಯಲ್ಲಿದ್ದ 1972ರ ಗ್ರಾಚ್ಯುಟಿ ಕಾಯ್ದೆಯ 2ಎ ಸೆಕ್ಷನ್ ಪ್ರಕಾರ ವಾರಕ್ಕೆ ಆರು ದಿನಕ್ಕಿಂತ ಕಡಿಮೆ ಕೆಲಸ ಮಾಡುವ ಸಂಸ್ಥೆಯಲ್ಲಿ ವರ್ಷಕ್ಕೆ 190 ದಿನ ಆದರೆ ಅದನ್ನು ಒಂದು ವರ್ಷದ ನಿರಂತರ ಸೇವೆಯೆಂದು ಎಣಿಸಬೇಕಿತ್ತು, ಉಳಿದ ಕಡೆ 240. ಐದನೆಯ ವರ್ಷಕ್ಕೂ ಈ ಎಣಿಕೆ ಅನ್ವಯಿಸುತ್ತದೆ ಎಂದು ಮದ್ರಾಸ್ ಹೈಕೋರ್ಟ್ ಒಪ್ಪಿದ್ದುಂಟು, ಆದರೆ ಎಲ್ಲ ಕಂಪನಿಗಳೂ ತಾವಾಗಿ ಒಪ್ಪುತ್ತಿರಲಿಲ್ಲ. ಅವರ ಮೂಲ ವೇತನ 52,000. ಅದನ್ನು 26ರಿಂದ ಭಾಗಿಸಿ, 15ರಿಂದಲೂ ಐದು ವರ್ಷದಿಂದಲೂ ಗುಣಿಸಿದಾಗ ಒಂದೂವರೆ ಲಕ್ಷ. ಅವರು ಈ ಲೆಕ್ಕವನ್ನು ಬಿಲ್ಲಿನ ಹಿಂಬದಿಯಲ್ಲಿ ಎರಡು ಸಲ ಮಾಡಿದರು. ಅರ್ಜಿಯನ್ನು ಅವರೇ ತಮ್ಮ ಸ್ವಂತ ಇಮೇಲ್‌ನಿಂದ ಕಳುಹಿಸಿದರು. ನಾನು ಒಳಗಿನ ಯಾವ ಕಡತವನ್ನೂ ಕೊಡಲಿಲ್ಲ, ಹಾಗೆ ಕೊಟ್ಟಿದ್ದರೆ ಮೇಜಿನಲ್ಲಿ ಇಬ್ಬರು ನಿರುದ್ಯೋಗಿಗಳಾಗುತ್ತಿದ್ದೆವು. ಎರಡನೆಯ ಪತ್ರದಲ್ಲಿ ಕಾರ್ಮಿಕ ಇಲಾಖೆಯ ಕಚೇರಿಯಾದ ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದ ಹೆಸರು ಬಂದ ಮೇಲೆ, ಜೂನ್ ಹೊತ್ತಿಗೆ ಹಣ ಖಾತೆಗೆ ಬಿತ್ತು. ಆ ಪತ್ರದ ಒಂದು ಸಾಲು ನನ್ನದು, ಅದನ್ನು ಇಲ್ಲಿ ಬರೆಯುವುದಿಲ್ಲ.

ನಡುವೆ ಒಂದು ಉಪಪ್ರಯೋಗವನ್ನೂ ಮಾಡಿದೆ. ಹೋದವರು, ಉಳಿದವರು ಸೇರಿದ ವಾಟ್ಸ್‌ಆ್ಯಪ್ ಗುಂಪು ಕಟ್ಟಿದೆ. ಯಾರೋ ಬೋನಸ್ ಬಂದ ಸುದ್ದಿ ಹಾಕಿದ ದಿನ ಅದು ಸತ್ತಿತು. ಹಣದ ವಿಷಯದಲ್ಲಿ ಮಾತ್ರ ಈ ಸಲ ಗೆದ್ದೆ. ನಾನಾಗಿ ಕೊಡಲಿಲ್ಲ, ಜುಲೈನಲ್ಲಿ ಅವರೇ ಗೃಹಸಾಲದ ಎರಡು ಕಂತಿಗೆ ಎಪ್ಪತ್ತು ಸಾವಿರ ಕೇಳಿದರು. ‘ಯಾವಾಗಲಾದರೂ ಕೊಡಿ’ ಎನ್ನದೆ, ಯಾವ ತಾರೀಖಿಗೆ ಹಿಂದಿರುಗಿಸುತ್ತೀರೆಂದು ಕೇಳಿ, ಅವರು ಹೇಳಿದ ತಾರೀಖನ್ನು ಅವರ ಎದುರೇ ಬರೆದುಕೊಂಡೆ. ತಾರೀಖು ಬರೆದದ್ದರಿಂದ ಅದು ಸಾಲವಾಯಿತು, ಇಲ್ಲದಿದ್ದರೆ ಮತ್ತದೇ ಲಕೋಟೆ. ಸೆಪ್ಟೆಂಬರ್‌ನಲ್ಲಿ ಮೊದಲಿಗಿಂತ ಶೇಕಡ ಹದಿನೈದರಷ್ಟು ಕಡಿಮೆ ಸಂಬಳಕ್ಕೆ ಕೆಲಸ ಸಿಕ್ಕಿತು, ಹಣ ಹೇಳಿದ ದಿನಕ್ಕಿಂತ ಒಂಬತ್ತು ದಿನ ತಡವಾಗಿ ಬಂತು. ದಾರಿ ತೋರಿಸಿದ್ದು ನನ್ನ ಹಳೆಯ ಮ್ಯಾನೇಜರ್. ಅವರನ್ನು ಹೇಗೆ ಒಪ್ಪಿಸಿದೆ ಎಂಬುದು ನನ್ನಲ್ಲೇ ಇರಲಿ.

ಮರುವರ್ಷ ಇನ್ನೊಬ್ಬ ಸಹೋದ್ಯೋಗಿ ಮಹಿಳೆಗೆ ಇದೇ ಸಂದೇಶವನ್ನು ಕಳುಹಿಸಿ ನಾಲ್ಕು ಶನಿವಾರ ಕಾದೆ. ಐದನೆಯ ವಾರ ಅವರು ‘ಆ ಕಚೇರಿಯ ಯಾರ ಮುಖವನ್ನೂ ಸದ್ಯಕ್ಕೆ ನೋಡಲಾರೆ ಸರ್, ಬೇಸರ ಮಾಡಿಕೊಳ್ಳಬೇಡಿ’ ಎಂದು ಬರೆದರು. ಅವರ ಮೇಜಿನಲ್ಲಿ ಉಳಿದಿದ್ದ ಸ್ಟೀಲ್ ಡಬ್ಬಿಯನ್ನೂ ಮಗಳ ಫೋಟೊವನ್ನೂ ಕೊರಿಯರ್ ಮಾಡಿದೆ, ಒಳಗೆ ಚೀಟಿ ಇಡಲಿಲ್ಲ.