ಸಿಹಿತಿಂಡಿಯ ಬಾಕ್ಸಿಗೆ ಮೊದಲು ಒಳಬಣ್ಣ ಆರಿಸಿ, ಆಮೇಲೆ ಹೊರಬಣ್ಣ

ಧಾರವಾಡದಲ್ಲಿ ಮನೆಯಲ್ಲಿಯೇ ಬೇಕರಿ ನಡೆಸುವ ನನ್ನ ಪರಿಚಿತರೊಬ್ಬರು ದೀಪಾವಳಿಗೆಂದು ಅರ್ಧ ಕಿಲೋ ಹಿಡಿಯುವ 500 ಬಾಕ್ಸ್ ಮಾಡಿಸಿದರು. ಹೊರಗೆ ಅಚ್ಚ ನೀಲಿ, ಅದರ ಮೇಲೆ ಬೆಳ್ಳಿ ಅಕ್ಷರ, ಒಳಗೂ ಅದೇ ನೀಲಿ. ಬೆಳಿಗ್ಗೆ ಮಾಡಿದ ಪೇಡೆಯನ್ನು ಸಂಜೆ ಅದರಲ್ಲಿ ತುಂಬಿ ಕೊಟ್ಟಾಗ ಮೊದಲ ಗಿರಾಕಿಯೇ ಮುಚ್ಚಳ ತೆರೆದು, “ಅಕ್ಕಾರ, ಪೇಡೇಕ್ಕ ಬೂಷ್ಟ ಹಿಡದೈತೇನ್ರಿ?” ಎಂದು ಕೇಳಿದರು. ಪೇಡೆಯಲ್ಲಿ ಯಾವ ದೋಷವೂ ಇರಲಿಲ್ಲ. ಬಾಕ್ಸಿನ ನೀಲಿ ಗೋಡೆಗಳಿಂದ ಚಿಮ್ಮಿದ ಬೆಳಕು ಪೇಡೆಯ ಮೇಲಿನ ಬಿಳಿ ಸಕ್ಕರೆಗೆ ತಾಗಿ, ಸಕ್ಕರೆಯೇ ನೀಲಿಗಟ್ಟಿದಂತೆ ಕಾಣುತ್ತಿತ್ತು. ಬಾಕ್ಸ್ ಮಾಡಿಸುವವರಲ್ಲಿ ಹೆಚ್ಚಿನವರು ಹೀಗೆ ಹೊರಬಣ್ಣಕ್ಕೆ ವಾರಗಟ್ಟಲೆ ಯೋಚಿಸಿ, ಒಳಬಣ್ಣವನ್ನು ಪ್ರೆಸ್ಸಿನವರ ಇಷ್ಟಕ್ಕೆ ಬಿಡುವುದನ್ನು ನೋಡಿದ್ದರಿಂದ ಈ ಲೇಖನವನ್ನು ಒಳಗಿನಿಂದ ಆರಂಭಿಸುತ್ತಿದ್ದೇನೆ.

ಮೊದಲ ಹಂತ, ಬಾಕ್ಸ್ ಯಾವ ತಿಂಡಿಗೆ ಎಂಬುದನ್ನು ನಿರ್ಧರಿಸುವುದು. ಪೇಡೆ, ಬೇಸನ್ ಉಂಡಿ, ನಾನಖಟಾಯಿ ಮೂರಕ್ಕೂ ಒಂದೇ ಬಾಕ್ಸ್ ಬೇಕಾಗಿದ್ದರೆ, ಅವುಗಳಲ್ಲಿ ಹೆಚ್ಚು ಮಾರಾಟವಾಗುವ ತಿಂಡಿಯನ್ನು ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯದು ಒಳಬಣ್ಣವನ್ನು ಆರಿಸುವುದು, ಅದೇ ಕಠಿಣವಾದ ಹಂತ. ತಿಂಡಿಯ ಸುತ್ತಲಿನ ಬಣ್ಣ ಎರಡು ಬಗೆಯಲ್ಲಿ ಕೆಲಸ ಮಾಡುತ್ತದೆ. ಗೋಡೆಗಳ ಬಣ್ಣ ತಿಂಡಿಯ ಮೇಲೆ ಬಿದ್ದು ಅದಕ್ಕೆ ಬಣ್ಣ ಹಚ್ಚುತ್ತದೆ, ಇದು ಒಂದು. ಪಕ್ಕದ ಬಣ್ಣವನ್ನು ನೋಡಿದ ಕಣ್ಣು ತಿಂಡಿಯ ಬಣ್ಣವನ್ನು ಅದರ ವಿರುದ್ಧ ದಿಕ್ಕಿಗೆ ತಳ್ಳಿ ನೋಡುತ್ತದೆ, ಇದು ಇನ್ನೊಂದು. ಈ ಎರಡನೆಯದನ್ನು ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಷೆವ್ರೋಲ್ 1839ರಲ್ಲಿ ವಿವರವಾಗಿ ಬರೆದರು. ಪ್ಯಾರಿಸ್ಸಿನ ಗೋಬ್ಲಾ ನೇಕಾರಿಕೆ ಕಾರ್ಖಾನೆಯಲ್ಲಿ ಅವರು ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರಾಗಿದ್ದರು. ಕಪ್ಪು ನೂಲು ಸರಿಯಾಗಿ ಕಪ್ಪಾಗಿಲ್ಲ ಎಂಬ ದೂರು ಬಂದಾಗ ಪರೀಕ್ಷಿಸಿ ನೋಡಿ, ಕೊರತೆ ನೂಲಿನದಲ್ಲ, ಅದರ ಪಕ್ಕಕ್ಕೆ ನೇಯ್ದ ಬಣ್ಣದ್ದು ಎಂದು ಕಂಡುಕೊಂಡರು. ಬೇಸನ್ ಉಂಡಿಯನ್ನು ಹೊಳೆಯುವ ಹಳದಿ ಕಾಗದದ ಮೇಲೆ ಇಟ್ಟರೆ ಆಗುವುದೂ ಇದೇ. ಕಾಗದದ ಹಳದಿಯ ಮುಂದೆ ಉಂಡಿಯ ಹಳದಿ ಸೋತು, ವಾರದ ಹಿಂದೆ ಕಟ್ಟಿದ್ದೇನೋ ಎಂಬಂತೆ ಬೂದುಬಣ್ಣಕ್ಕೆ ತಿರುಗುತ್ತದೆ. ತಿಂಡಿಯ ಬಣ್ಣಕ್ಕೆ ಹೊಂದುವ ಬಣ್ಣವನ್ನೇ ಒಳಗೆ ಹಾಕಬೇಕೆಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಸ್ಟೇಷನರಿ ಅಂಗಡಿಯಿಂದ ಅಚ್ಚ ಬಿಳಿ, ಕೆನೆಬಣ್ಣ, ಹಳದಿ, ನೀಲಿ ಮತ್ತು ಕಡು ಹಸಿರು ಕಾರ್ಡ್ ಶೀಟ್ ತಂದು, ಎರಡು ಇಂಚು ಎತ್ತರದ ಗೋಡೆ ಬರುವಂತೆ ಮಡಚಿ ಐದು ತೆರೆದ ಬಾಕ್ಸ್ ಮಾಡಿ. ಶುಚಿಯಾದ ಬಟರ್ ಪೇಪರಿನ ಸಣ್ಣ ತುಂಡಿನ ಮೇಲೆ, ಒಂದೇ ದಿನ ಮಾಡಿದ ನಾಲ್ಕು ನಾಲ್ಕು ಪೇಡೆಗಳನ್ನು ಪ್ರತಿಯೊಂದರಲ್ಲೂ ಇಡಿ. ಮನೆಯವರಲ್ಲಿ ಯಾರಿಗೂ ಏನೂ ಹೇಳದೆ, “ಇವುಗಳಲ್ಲಿ ಇಂದು ಮಾಡಿದ್ದು ಯಾವುದು?” ಎಂದು ಕೇಳಿ. ಯಾವುದು ಚೆನ್ನಾಗಿದೆ ಎಂದು ಕೇಳಬಾರದು, ಹಾಗೆ ಕೇಳಿದರೆ ಅವರು ತಮಗೆ ಇಷ್ಟವಾದ ಬಣ್ಣವನ್ನು ತೋರಿಸುತ್ತಾರೆ. ಈ ಪರೀಕ್ಷೆಯನ್ನು ಹಗಲು ಹನ್ನೊಂದರ ಸುಮಾರಿಗೆ ಕಿಟಕಿಯ ಬಳಿ ಒಮ್ಮೆ, ರಾತ್ರಿ ಎಲ್‌ಇಡಿ ಟ್ಯೂಬಿನ ಕೆಳಗೆ ಒಮ್ಮೆ, ಹಳದಿ ಬಲ್ಬಿನ ಕೆಳಗೆ ಒಮ್ಮೆ ಮಾಡಬೇಕು. ಕೊಂಡವರ ಮನೆಯಲ್ಲಿ ಯಾವ ದೀಪವಿರುತ್ತದೆಂದು ನಮಗೆ ತಿಳಿದಿರುವುದಿಲ್ಲ.

ನಾನು ಆ ಪರಿಚಿತರ ಮನೆಯಲ್ಲಿ ಕೂತು ಮಾಡಿಸಿದ ಪರೀಕ್ಷೆಯಲ್ಲಿ ಅಚ್ಚ ಬಿಳಿ ಬಾಕ್ಸ್ ಸೋತದ್ದು ಅವರಿಗೆ ಆಶ್ಚರ್ಯವನ್ನುಂಟುಮಾಡಿತು. ಕಾರಣವಿಷ್ಟೆ: ಬಿಳಿ ಕಾಗದ ಮತ್ತು ಬೋರ್ಡಿಗೆ ಸಾಮಾನ್ಯವಾಗಿ ಹೊಳಪು ಕೊಡುವ ರಾಸಾಯನಿಕವನ್ನು ಸೇರಿಸಿರುತ್ತಾರೆ. ಅದು ಹಗಲಿನ ಬೆಳಕಿನಲ್ಲಿ ತೆಳು ನೀಲಿಯಾಗಿ ಮಿನುಗುವುದರಿಂದ, ಖವೆಯಿಂದ ಮಾಡಿದ ಎಲ್ಲ ತಿಂಡಿಗಳೂ ಅದರ ಪಕ್ಕ ಹಳದಿ ಹಿಡಿದಂತೆ ತೋರುತ್ತವೆ. ಕಡು ಹಸಿರಿನಲ್ಲಿ ಪೇಡೆಯ ಕಂದು ಕೆಂಪೇರಿ ಕಂಡಿತು, ಸಕ್ಕರೆ ಬೆಳಗಿತು. ಹಸಿರು ಕಡುವಾಗಿದ್ದರಿಂದ ಬೆಳಕನ್ನು ನುಂಗಿಕೊಂಡು ಪೇಡೆಯ ಮೇಲೆ ತನ್ನ ಬಣ್ಣ ಚೆಲ್ಲಲಿಲ್ಲ. ಆದರೆ ಇಡೀ ಬಾಕ್ಸ್ ಕಡು ಹಸಿರಾದಾಗ ಒಳಗೆ ಕತ್ತಲಾಯಿತು. ಆದ್ದರಿಂದ ನನ್ನ ನಿರ್ಧಾರ ಇದು: ಗೋಡೆ ಮತ್ತು ಮುಚ್ಚಳದ ಒಳಮೈ ಹೊಳಪಿಲ್ಲದ ಕೆನೆಬಣ್ಣ, ತಿಂಡಿಯ ಕೆಳಗೆ ಮಾತ್ರ ಕಡು ಹಸಿರು. ಬೇಸನ್ ಉಂಡಿಗೂ ಇದೇ ಒಪ್ಪುತ್ತದೆ, ನಾನಖಟಾಯಿಗೆ ಕೆಳಗೆ ಕಡು ಕಂದು ಸಾಕು.

ಕೆಳಗಿನ ಬಣ್ಣವನ್ನು ಮುದ್ರಿಸಿಕೊಳ್ಳಬೇಡಿ. ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಪ್ಯಾಕೇಜಿಂಗ್ ನಿಯಮದ ಪ್ರಕಾರ ಮುದ್ರಿತ ಮೇಲ್ಮೈ ತಿನಿಸಿಗೆ ನೇರವಾಗಿ ತಾಗುವಂತಿಲ್ಲ. ಮೇಲೆ ಬಟರ್ ಪೇಪರ್ ಹಾಸಿದರೆ ನಿಯಮವೇನೋ ಪಾಲನೆಯಾಗುತ್ತದೆ, ಆದರೆ ಕಡು ಹಸಿರು ಮಬ್ಬಾಗಿ ಬೂದಿಯಂತಾಗುತ್ತದೆ. ಅದಕ್ಕೆ ಬದಲಾಗಿ ಆಹಾರಕ್ಕೆಂದೇ ತಯಾರಿಸಿದ, ತುಪ್ಪ ಹೀರದ ಕಡು ಬಣ್ಣದ ಕಾಗದದ ಕಪ್‌ಗಳಲ್ಲಿ ಒಂದೊಂದೇ ಪೇಡೆ ಇಡುವುದು ಮೇಲು. ಅಗ್ಗದ ಕಪ್‌ಗಳು ಬಣ್ಣ ಬಿಡುತ್ತವೆ. ಕೊಳ್ಳುವ ಮೊದಲು ಒಂದು ಕಪ್‌ಗೆ ಬೆಚ್ಚನೆಯ ತುಪ್ಪ ಸವರಿ, ಬಿಳಿ ಟಿಶ್ಯೂ ಕಾಗದದ ಮೇಲೆ ಒತ್ತಿ ಒಂದು ಗಂಟೆ ಬಿಡಿ. ಟಿಶ್ಯೂಗೆ ಬಣ್ಣ ಹತ್ತಿದರೆ ಆ ಕಪ್‌ಗಳನ್ನು ಹಿಂದಿರುಗಿಸಿ.

ಮೂರನೆಯದಾಗಿ ಬೋರ್ಡ್. ಒಂದು ಬದಿ ಬಿಳಿ, ಇನ್ನೊಂದು ಬದಿ ಬೂದಿಯಿರುವ ಡುಪ್ಲೆಕ್ಸ್ ಬೋರ್ಡ್ ಅಗ್ಗವೆಂದು ಒಪ್ಪಿಕೊಂಡರೆ ಆ ಬೂದಿಯೇ ಒಳಬಣ್ಣವಾಗುತ್ತದೆ. ಎರಡೂ ಬದಿ ತಿಳಿಯಾಗಿರುವ ಬೋರ್ಡನ್ನೇ ಕೇಳಿ ಪಡೆಯಿರಿ.

ಇನ್ನು ಹೊರಬಣ್ಣ. ಒಂದೇ ಬಣ್ಣ, ಒಂದೇ ಅಕ್ಷರದ ಬಣ್ಣ. ನಮ್ಮ ಭಾಗದ ಕಣ್ಣಿಗೆ ಹಬ್ಬವೆಂದರೆ ಇಳಕಲ್ ಸೀರೆಯ ದಾಳಿಂಬೆ ಕೆಂಪು, ಅದರ ಮೇಲೆ ಕೆನೆಬಣ್ಣದ ಅಕ್ಷರ ನನಗೆ ಅತ್ಯಂತ ಪ್ರಿಯ. ಮುಚ್ಚಳ ತೆರೆದಾಗ ಕಡುಗೆಂಪಿನೊಳಗಿಂದ ಕೆನೆಬಣ್ಣ ಹೊಮ್ಮಿದರೆ ಒಳಗಿನ ತಿಂಡಿ ಇನ್ನೂ ತಾಜಾ ಆಗಿ ಕಾಣುತ್ತದೆ. ಕಡುಬಣ್ಣಕ್ಕೆ ಮ್ಯಾಟ್ ಲ್ಯಾಮಿನೇಷನ್ ಮಾಡಿಸಿದರೆ ತುಪ್ಪದ ಬೆರಳಚ್ಚು ಎದ್ದು ಕಾಣುವುದರಿಂದ, ತುಂಬುವವರ ಕೈ ಒಣಗಿರಬೇಕು. ಸಾಮಾನ್ಯ ನಾಲ್ಕು ಬಣ್ಣದ ಮುದ್ರಣದಲ್ಲಿ ಚಿನ್ನದ ಬಣ್ಣ ಬರುವುದಿಲ್ಲ, ಸಾಸಿವೆಯಂತಹ ಕಂದು ಬರುತ್ತದೆ. ಚಿನ್ನ ಬೇಕೇ ಬೇಕೆಂದರೆ ಫಾಯಿಲ್ ಒತ್ತಿಸಬೇಕು.

ಸಸ್ಯಾಹಾರದ ಹಸಿರು ಚುಕ್ಕೆಯನ್ನು ಮರೆಯದಿರಿ. ಅದು ಹಸಿರು ಬಾಕ್ಸಿನ ಮೇಲೆ ಕಾಣಿಸದು. ಮೊಟ್ಟೆ ಹಾಕಿದ ಕೇಕಿಗೆ ಕಂದು ತ್ರಿಕೋನ ಬೇಕು, ಅದು ಕಂದು ಕ್ರಾಫ್ಟ್ ಬಾಕ್ಸಿನ ಮೇಲೆ ಕಾಣಿಸದು. ಎರಡಕ್ಕೂ ಬಿಳಿಯ ಚಿಕ್ಕ ಚೌಕವನ್ನು ಬಿಡಿಸಿಟ್ಟುಕೊಂಡು ಅದರೊಳಗೆ ಮುದ್ರಿಸಿ.

ಗದಗಿನಲ್ಲಿ ಮುದ್ರಿಸಿದರೂ ಹುಬ್ಬಳ್ಳಿಯಲ್ಲಿ ಮುದ್ರಿಸಿದರೂ, ಮೊಬೈಲಿನಲ್ಲಿ ಕಳಿಸಿದ ಚಿತ್ರ ನೋಡಿ ಒಪ್ಪಿಗೆ ಕೊಡಬೇಡಿ. ಪರದೆ ಬೆಳಕಿನಿಂದ ಬಣ್ಣ ತೋರಿಸುತ್ತದೆ, ಪ್ರೆಸ್ಸು ಶಾಯಿಯಿಂದ ತೋರಿಸುತ್ತದೆ. ಮಿಂಚುವ ಹಸಿರು, ಕಿತ್ತಳೆಗಳು ಶಾಯಿಗೆ ಇಳಿದಾಗ ಮಂಕಾಗುತ್ತವೆ. ನೀವು ಆರಿಸಿದ ಅದೇ ಬೋರ್ಡಿನ ಮೇಲೆ ಒಂದು ಪ್ರತಿ ಮುದ್ರಿಸಿ ತರಿಸಿ, ಮಡಚಿ, ಪೇಡೆ ತುಂಬಿ, ಹಗಲು ಮತ್ತು ರಾತ್ರಿ ನೋಡಿ. ಒಪ್ಪಿದ ಮೇಲೆ ಅದೇ ಪ್ರತಿಯನ್ನು ಬಿಡಿಸಿ, ಹಿಂಬದಿಗೆ ದಿನಾಂಕ ಬರೆದು, ಬಿಸಿಲು ಬೀಳದ ಕಪಾಟಿನಲ್ಲಿ ಇಡಿ. ಮುಂದಿನ ಬಾರಿ ಬಾಕ್ಸ್ ಬಂದಾಗ ಬಂಡಲ್ ಬಿಚ್ಚುವ ಮೊದಲು ಮೇಲಿನ ಒಂದನ್ನು ತೆಗೆದು ಅದರ ಪಕ್ಕ ಹಿಡಿದು ನೋಡಿ.